ಬಸ್ಸಾರಿನ ಪಲ್ಯ ಸರಿ, ಸಾರು ಬೇಡ

ಡಯಾಲಿಸಿಸ್‌ಗೆ ಹೋಗುವ ಕಿಡ್ನಿ ರೋಗಿಗಳ ವಾರದ ಊಟದ ಪಟ್ಟಿಯೊಂದನ್ನು ಬರೆದುಕೊಟ್ಟಿದ್ದೆ. ಪೊಟ್ಯಾಸಿಯಂ ಇಷ್ಟು, ನೀರು ಇಷ್ಟು ಎಂಬ ಮಿತಿಯೂ ಅದರಲ್ಲಿತ್ತು. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆಯಿಂದ ಆಕ್ಷೇಪಣೆಗಳು ಬಂದಿವೆ. ಆಕ್ಷೇಪಿಸಿದವರು ರೋಗಿಗಳ ಕೇಡು ಬಯಸುವವರಲ್ಲ. ಹೆಚ್ಚಿನವರು ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುತ್ತಿರುವವರೇ. ಆದ್ದರಿಂದ ಒಂದೊಂದನ್ನೂ ತೆಗೆದುಕೊಂಡು ಉತ್ತರಿಸುತ್ತೇನೆ.

1. "ಇಂಥ ಪಟ್ಟಿಗಳೆಲ್ಲ ಓಟ್ಸ್ ತಿನ್ನುವವರಿಗೆ. ಮುದ್ದೆ ಬಿಟ್ಟು ನಾವು ಬದುಕುವುದು ಹೇಗೆ?"

ತುಮಕೂರಿನ ನಿವೃತ್ತ ಮೇಷ್ಟರೊಬ್ಬರ ಪ್ರಶ್ನೆ ಇದು. ಅವರ ಸಿಟ್ಟು ನ್ಯಾಯವೇ. ಎಷ್ಟೋ ಪಟ್ಟಿಗಳಲ್ಲಿ ನಮ್ಮ ಕಡೆಯ ಊಟದ ಹೆಸರೇ ಇರುವುದಿಲ್ಲ. ಆದರೆ ನನ್ನ ಪಟ್ಟಿ ಮುದ್ದೆಯನ್ನು ಬಿಡಿಸಿಲ್ಲ, ಅಳತೆಗೆ ತಂದಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 440 ಮಿಲಿಗ್ರಾಂ ಪೊಟ್ಯಾಸಿಯಂ ಇದೆ, ಅಷ್ಟೇ ಅಕ್ಕಿಯಲ್ಲಿ ಸುಮಾರು 110. ಅಂದರೆ 60 ಗ್ರಾಂ ಹಿಟ್ಟಿನ ಸಣ್ಣ ಮುದ್ದೆಯಿಂದ ಬರುವುದು ಸುಮಾರು 265 ಮಿಲಿಗ್ರಾಂ. ದಿನಕ್ಕೆ 2,000 ಮಿಲಿಗ್ರಾಂ ಮಿತಿ ಇರುವವರು ಹೊತ್ತಿಗೊಂದರಂತೆ ಮೂರು ಮುದ್ದೆ ಉಣ್ಣಲಾಗದು, ಒಂದಕ್ಕೆ ಅಡ್ಡಿಯಿಲ್ಲ.

ಮುದ್ದೆಯ ನಿಜವಾದ ತೊಂದರೆ ಬೇರೆಯೇ ಇದೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ನುಂಗಲು ಸಾರು ಬೇಕು. ಒಂದು ಮುದ್ದೆಗೆ ಎರಡು ಸೌಟು ಸಾರು ಹಾಕಿಸಿಕೊಂಡರೆ 200 ಮಿಲಿಲೀಟರ್ ದಾಟುತ್ತದೆ. ಅದೇ ಹಿಟ್ಟನ್ನು ರೊಟ್ಟಿ ತಟ್ಟಿದರೆ ಪಲ್ಯದಲ್ಲೇ ಊಟ ಮುಗಿಯುತ್ತದೆ. ಅದಕ್ಕೇ ನನ್ನ ಪಟ್ಟಿಯಲ್ಲಿ ವಾರಕ್ಕೆ ಮೂರು ದಿನ ರಾಗಿ ರೊಟ್ಟಿ ಇದೆ, ಎರಡು ದಿನ ಮಾತ್ರ ಮುದ್ದೆ.

2. "ಬಸ್ಸಾರಿಗೆ ಸೊಪ್ಪು, ಕಾಳು ಬೇಯಿಸಿ ಬಸಿಯುತ್ತೇವಲ್ಲ, ಪೊಟ್ಯಾಸಿಯಂ ಹೋಯಿತಲ್ಲ?"

ಅರ್ಧ ಸರಿ. ಪೊಟ್ಯಾಸಿಯಂ ಖನಿಜ, ಬೆಂಕಿಯಲ್ಲಿ ಸುಟ್ಟು ಹೋಗುವಂಥದ್ದಲ್ಲ, ನೀರಿನಲ್ಲಿ ಕರಗುವಂಥದ್ದು. ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ ಬಸಿದರೆ ತರಕಾರಿಯಿಂದ ಅರ್ಧದಷ್ಟಾದರೂ ಇಳಿಯಬಹುದು. ಆದರೆ ಇಳಿದದ್ದು ಹೋಯಿತೆಲ್ಲಿಗೆ? ಬಸಿದ ಕಟ್ಟಿಗೆ. ಆ ಕಟ್ಟಿಗೇ ಒಂದು ಹಿಡಿ ಬೆಂದ ಕಾಳು, ಕಾಯಿ, ಖಾರ ರುಬ್ಬಿ ಹಾಕಿ ಸಾರು ಮಾಡುತ್ತೇವೆ. ಸೊಪ್ಪಿನದು, ಕಾಳಿನದು ಎರಡೂ ಕಡೆಯ ಪೊಟ್ಯಾಸಿಯಂ ಅದರಲ್ಲಿರುತ್ತದೆ. ಹಾಗಾಗಿ ಬಸ್ಸಾರಿನ ಪಲ್ಯ ರೋಗಿಗೆ, ಸಾರು ಮನೆಯ ಮಿಕ್ಕವರಿಗೆ. ಉಪ್ಪೆಸರಿಗೂ ಇದೇ ಮಾತು.

ಹುರುಳಿ ಕಟ್ಟು ಕಿಡ್ನಿಗೆ ಒಳ್ಳೆಯದು ಎಂದು ದಿನಾ ಲೋಟ ತುಂಬಿ ಕೊಡುವವರಿದ್ದಾರೆ. ಆ ನಂಬಿಕೆ ಬಂದಿರುವುದು ಕಲ್ಲಿನ ಕಾಯಿಲೆಯಿಂದ. ಕಿಡ್ನಿಯಲ್ಲಿ ಕಲ್ಲಿರುವುದು ಬೇರೆ, ಕಿಡ್ನಿ ಸೋತಿರುವುದು ಬೇರೆ. ಸೋತ ಕಿಡ್ನಿಗೆ ಆ ಲೋಟದಿಂದ ಸೇರುವುದು ಹೊರಹಾಕಲಾಗದ ಪೊಟ್ಯಾಸಿಯಂ ಮತ್ತು ನೀರು.

ಇನ್ನೆರಡು ಎಚ್ಚರಿಕೆ. ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಸಿಟ್ಟ ಮಾತ್ರಕ್ಕೆ ಆಲೂಗಡ್ಡೆಯಿಂದ ಹೆಚ್ಚೇನೂ ಇಳಿಯುವುದಿಲ್ಲ, ಕುದಿಸಿ ಚೆಲ್ಲಲೇಬೇಕು. ಕುಕ್ಕರಿನಲ್ಲಿ ಅಳತೆ ನೀರಿಟ್ಟು ಕೂಗಿಸಿದರೆ ಎಲ್ಲವೂ ಒಳಗೇ ಉಳಿಯುತ್ತದೆ.

3. "ಎಳನೀರಿಗಿಂತ ತಂಪು, ಶುದ್ಧ ಇನ್ನೇನಿದೆ?"

ಗುಬ್ಬಿಯ ತೋಟದ ಯಜಮಾನರೊಬ್ಬರು ನೊಂದುಕೊಂಡೇ ಕೇಳಿದ್ದಾರೆ. ಎಳನೀರು ಶುದ್ಧವೆಂಬುದರಲ್ಲಿ ನನಗೂ ಸಂಶಯವಿಲ್ಲ. ಆದರೆ 100 ಮಿಲಿಲೀಟರ್ ಎಳನೀರಿನಲ್ಲಿ ಸುಮಾರು 200 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಒಂದು ಒಳ್ಳೆಯ ಬುರುಡೆಯಲ್ಲಿ 350 ಮಿಲಿಲೀಟರ್ ಸಿಕ್ಕಿತೆನ್ನಿ: ದಿನದ ಪೊಟ್ಯಾಸಿಯಂನಲ್ಲಿ ಮೂರನೇ ಒಂದು ಪಾಲು, ನೀರಿನಲ್ಲಿ ಹೆಚ್ಚುಕಡಿಮೆ ಅರ್ಧ, ನಾಲ್ಕು ಗುಟುಕಿನಲ್ಲಿ ಮುಗಿಯಿತು. ಚೇಳೂರಿನ ಸಿದ್ದು ಹಲಸಿನ ಹಣ್ಣಾದರೂ ಅಷ್ಟೇ. ಕೆಂಪು ತೊಳೆಯ ರುಚಿ ದೊಡ್ಡದು, ಹಲಸಿನ ಪೊಟ್ಯಾಸಿಯಮ್ಮೂ ದೊಡ್ಡದೇ.

ಪೊಟ್ಯಾಸಿಯಂ ಏರಿದರೆ ನೋವು ಕಾಣಿಸುವುದಿಲ್ಲ. ಕೆಲವರಿಗೆ ಕಾಲು ಸೋತಂತೆ, ಮೈ ಭಾರವಾದಂತೆ ಆಗುತ್ತದೆ, ಹಲವರಿಗೆ ಅದೂ ಇಲ್ಲ. ನೇರವಾಗಿ ಎದೆಬಡಿತವೇ ತಪ್ಪುತ್ತದೆ. ರಕ್ತ ಪರೀಕ್ಷೆಯಲ್ಲಿ 3.5ರಿಂದ 5ರ ಆಸುಪಾಸಿನಲ್ಲಿರಬೇಕಾದದ್ದು 6 ದಾಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಒಂದು ಮಾತು ಯಜಮಾನರ ಪರವಾಗಿ: ಕಾಯಿಲೆ ಮೊದಲ ಹಂತಗಳಲ್ಲಿದ್ದು, ಪೊಟ್ಯಾಸಿಯಂ ಸರಿಯಿದ್ದವರಿಗೆ ಈ ಕಟ್ಟುನಿಟ್ಟು ಅನ್ವಯಿಸಬೇಕೆಂದಿಲ್ಲ. ಅಡುಗೆಗೆ ಹಾಕುವ ಒಂದೆರಡು ಚಮಚ ಕಾಯಿತುರಿಯನ್ನೂ ನಾನು ಬೇಡವೆಂದಿಲ್ಲ.

4. "ನೀರು ಕುಡಿದಷ್ಟೂ ಕಿಡ್ನಿ ತೊಳೆಯುತ್ತದೆ. ನೀವು ನೀರನ್ನೇ ಕಟ್ಟುತ್ತೀರಿ."

ಕುಣಿಗಲ್ ಕಡೆಯ ನಾಟಿ ವೈದ್ಯರೊಬ್ಬರ ವಾದ. ಕಲ್ಲಾದವರಿಗೆ ಈ ಮಾತು ಸರಿ. ಡಯಾಲಿಸಿಸ್‌ಗೆ ಇನ್ನೂ ಬಾರದವರು, ಮೂತ್ರ ಚೆನ್ನಾಗಿ ಹೋಗುತ್ತಿದ್ದು ಊತವಿಲ್ಲದವರು ಸಾಮಾನ್ಯವಾಗಿ ನೀರು ಕಡಿಮೆ ಮಾಡಬೇಕಿಲ್ಲ. ಆದರೆ ಮೂತ್ರವೇ ಇಳಿದುಹೋದವರಲ್ಲಿ ಕುಡಿದ ನೀರಿಗೆ ಹೊರದಾರಿ ಇಲ್ಲ. ಮೊದಲು ಕಾಲಿಗೆ ಇಳಿಯುತ್ತದೆ, ಆಮೇಲೆ ಶ್ವಾಸಕೋಶಕ್ಕೆ ಸೇರುತ್ತದೆ. ರಾತ್ರಿ ಮಲಗಲಾಗದೆ ಎದ್ದು ಕೂರುವುದು ಅದರ ಗುರುತು.

ಡಯಾಲಿಸಿಸ್ ರೋಗಿಗೆ ಲೆಕ್ಕ ಸುಲಭ: ಹಿಂದಿನ ದಿನ ಹೋದ ಮೂತ್ರದ ಅಳತೆಗೆ 500 ಮಿಲಿಲೀಟರ್ ಕೂಡಿಸಿ. ಅದರಲ್ಲಿ ಕಾಫಿ, ಮಜ್ಜಿಗೆ, ಸಾರು, ಗಂಜಿ, ಮಾತ್ರೆ ನುಂಗುವ ನೀರು ಎಲ್ಲವೂ ಸೇರಬೇಕು.

ಬಾಯಾರಿಕೆಯನ್ನು ಕಟ್ಟಬೇಕಾದರೆ ಮೊದಲು ಉಪ್ಪನ್ನು ಕಟ್ಟಬೇಕು. ಅಡುಗೆಯದೂ ಸೇರಿ ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಗ್ರಾಂ ಒಳಗೆ. ಉಪ್ಪಿನಕಾಯಿ, ಹಪ್ಪಳ ಹಾಗೇ ಇಟ್ಟುಕೊಂಡು ನೀರೊಂದನ್ನೇ ಕಡಿಮೆ ಮಾಡಿ ಎಂದರೆ ಯಾರಿಂದಲೂ ಆಗದು. ಉಪ್ಪು ಬಿಡಲು ಹೋಗಿ ಅಂಗಡಿಯ "ಲೋ ಸೋಡಿಯಂ" ಉಪ್ಪು ತರುವವರು ಪೊಟ್ಟಣದ ಹಿಂಬದಿ ಓದಿ. ಅದರಲ್ಲಿ ಸೋಡಿಯಂ ಬದಲಿಗೆ ಸೇರಿಸುವುದು ಪೊಟ್ಯಾಸಿಯಂ ಕ್ಲೋರೈಡ್. ಇಂದುಪ್ಪು ಕೂಡ ಬಹುಪಾಲು ಮಾಮೂಲಿ ಉಪ್ಪೇ.

5. "ಮಿಷನ್ ಹೇಗೂ ತೊಳೆಯುತ್ತದೆ. ಭಾನುವಾರದ ಒಂದು ಊಟಕ್ಕೂ ತಕರಾರೇ?"

ಅತಿ ಅಪಾಯದ ವಾದ ಇದೇ. ವಾರಕ್ಕೆ 168 ಗಂಟೆ. ನಮ್ಮಲ್ಲಿ ಬಹಳ ಮಂದಿ ಮಾಡಿಸಿಕೊಳ್ಳುವ ವಾರಕ್ಕೆ ಎರಡು ಡಯಾಲಿಸಿಸ್, ತಲಾ 4 ಗಂಟೆಯಂತೆ, 8 ಗಂಟೆ. ಉಳಿದ 160 ಗಂಟೆ ಕಾಯುವುದು ಊಟವೇ. ಸೋಮವಾರ, ಗುರುವಾರ ಸರದಿ ಇರುವವರಿಗೆ ಗುರುವಾರದಿಂದ ಸೋಮವಾರದವರೆಗಿನ ಅಂತರ ದೊಡ್ಡದು, ಅದರ ಕೊನೆಯ ದಿನವೇ ಭಾನುವಾರ. ಮೈಯಲ್ಲಿ ನೀರು, ಪೊಟ್ಯಾಸಿಯಂ ಎರಡೂ ತುಂಬಿರುವ ಆ ದಿನವೇ ಮಟನ್ ಸಾರು, ಬಾಡೂಟ. ಅಮೆರಿಕದ ಡಯಾಲಿಸಿಸ್ ರೋಗಿಗಳ ಕುರಿತು 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿಯೂ ಸಾವುಗಳು ಹೆಚ್ಚಿದ್ದದ್ದು ವಾರದ ದೀರ್ಘ ಅಂತರ ಮುಗಿಯುವ ದಿನದಲ್ಲೇ. ಅಲ್ಲಿಯ ದೀರ್ಘ ಅಂತರ ಎರಡು ದಿನ, ನಮ್ಮದು ಅದಕ್ಕಿಂತ ಉದ್ದ.

ಹಾಗಾದರೆ ವಾರ ಹೇಗಿರಬೇಕು?

ನೀರು ತೆಗೆದ ಮೇಲಿನ ತೂಕ 60 ಕೆಜಿ, ದಿನಕ್ಕೆ 300 ಮಿಲಿಲೀಟರ್ ಮೂತ್ರ, ಸೋಮವಾರ ಮತ್ತು ಗುರುವಾರ ಡಯಾಲಿಸಿಸ್ ಇರುವ ರೋಗಿಯೊಬ್ಬರನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ನೀರು 800 ಮಿಲಿಲೀಟರ್, ಪೊಟ್ಯಾಸಿಯಂ 2,000 ಮಿಲಿಗ್ರಾಂ, ಪ್ರೋಟೀನ್ 60 ಗ್ರಾಂ ಆಸುಪಾಸು.

- ಸೋಮವಾರ, ಗುರುವಾರ: ಬೆಳಿಗ್ಗೆ ಇಡ್ಲಿ. ಡಯಾಲಿಸಿಸ್ ಮುಗಿಸಿ ಬಂದ ಮೇಲೆ ಅನ್ನ, ಸೋರೆಕಾಯಿ ಪಲ್ಯ, ಮೊಟ್ಟೆಯ ಬಿಳಿ. ರಾತ್ರಿ ರಾಗಿ ರೊಟ್ಟಿ.
- ಮಂಗಳವಾರ, ಶುಕ್ರವಾರ: ಸ್ವಲ್ಪ ಸಡಿಲ ದಿನ. ಒಂದು ಸಣ್ಣ ಮುದ್ದೆ, ಬಸ್ಸಾರಿನ ಪಲ್ಯ, 25 ಗ್ರಾಂ ಬೇಳೆಯ ಗಟ್ಟಿ ತೊವ್ವೆ.
- ಬುಧವಾರ: ಅನ್ನ, ಸೀಮೆಬದನೆ ಪಲ್ಯ, ಮೀನು ಅಥವಾ ಕೋಳಿ 75 ಗ್ರಾಂ.
- ಶನಿವಾರ: ಮಾಂಸ ಮುಟ್ಟದವರಿಗೆ ಮನೆಯ ಪನೀರ್, ಅನ್ನ, ಎಲೆಕೋಸಿನ ಪಲ್ಯ. ಬೇಳೆ ಇಲ್ಲ.
- ಭಾನುವಾರ: ಬಿಗಿ ದಿನ.

ಹಣ್ಣು ದಿನಕ್ಕೊಂದು ಬಾರಿ, 100 ಗ್ರಾಂ: ಸೇಬು, ಅನಾನಸ್ ಅಥವಾ ಪರಂಗಿ.

ಭಾನುವಾರವನ್ನು ಬಿಡಿಸಿ ತೋರಿಸುತ್ತೇನೆ. ಬೆಳಿಗ್ಗೆ ಮೂರು ಇಡ್ಲಿ, ಒಂದು ಚಮಚ ಚಟ್ನಿ, ಎರಡು ಮೊಟ್ಟೆಯ ಬಿಳಿ, ಅರ್ಧ ಲೋಟ ಕಾಫಿ: ಸುಮಾರು 480 ಮಿಲಿಗ್ರಾಂ. ಮಧ್ಯಾಹ್ನ ಬಸಿದ ಅನ್ನ, 75 ಗ್ರಾಂ ಕೋಳಿಯ ಒಣ ಪಲ್ಯ, ಬೇಯಿಸಿ ಬಸಿದ ಹೀರೆಕಾಯಿ, ಅರ್ಧ ಲೋಟ ಮಜ್ಜಿಗೆ: 480. ಸಂಜೆ ಒಂದು ಸಣ್ಣ ಸೇಬು: 110. ರಾತ್ರಿ ರಾಗಿ ರೊಟ್ಟಿ, ಎಲೆಕೋಸು, ಮೂರು ಮೊಟ್ಟೆಯ ಬಿಳಿ: 575. ಒಟ್ಟು 1,650ರ ಹತ್ತಿರ. ಬಾಡಿಲ್ಲದ ಭಾನುವಾರವಲ್ಲ ಇದು, ಮಟನ್ ಸಾರಿಲ್ಲದ ಭಾನುವಾರ. ನೀರಿನ ಲೆಕ್ಕದಲ್ಲಿ ಕಾಫಿ 100, ಮಜ್ಜಿಗೆ 100, ಅರ್ಧ ಸೌಟು ತಿಳಿಸಾರು 50, ಮಾತ್ರೆಗೆ 150. ಉಳಿದ 400 ಮಿಲಿಲೀಟರನ್ನು ಬೆಳಿಗ್ಗೆಯೇ ಬಾಟಲಿಗೆ ತುಂಬಿಟ್ಟು ಅದರಿಂದಲೇ ಕುಡಿಯಬೇಕು.

ಪಟ್ಟಿ ಫಲಿಸುತ್ತಿದೆಯೇ ಎಂದು ತಿಳಿಯಲು ತೂಕದ ಯಂತ್ರ ಸಾಕು. ಒಂದು ಡಯಾಲಿಸಿಸ್‌ನಿಂದ ಇನ್ನೊಂದಕ್ಕೆ ಈ ರೋಗಿಯ ತೂಕ 2.4 ಕೆಜಿಗಿಂತ ಏರಬಾರದು. ಅದಕ್ಕಿಂತ ಹೆಚ್ಚು ನೀರನ್ನು 4 ಗಂಟೆಯಲ್ಲಿ ಎಳೆದರೆ ಬಿ.ಪಿ. ಕುಸಿಯುತ್ತದೆ, ಕಾಲು ಹಿಡಿದುಕೊಳ್ಳುತ್ತದೆ.

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ. ಈ ಪಟ್ಟಿಯನ್ನು ಹಾಗೇ ನಕಲು ಮಾಡಿ ಪಕ್ಕದ ಮನೆಯ ರೋಗಿಗೆ ಕೊಡಬೇಡಿ. ಡಯಾಲಿಸಿಸ್‌ಗೆ ಬಾರದವರಿಗೆ ಇಷ್ಟು ಪ್ರೋಟೀನ್ ಹೆಚ್ಚಾಗುತ್ತದೆ, ಸಕ್ಕರೆ ಕಾಯಿಲೆ ಇರುವವರಿಗೆ ಅನ್ನದ ಅಳತೆ ಬದಲಾಗುತ್ತದೆ. ಇತ್ತೀಚಿನ ರಕ್ತ ಪರೀಕ್ಷೆಯ ಚೀಟಿ, ಒಂದು ದಿನದ ಮೂತ್ರದ ಅಳತೆ, ಮನೆಯಲ್ಲಿ ಏನು ಉಣ್ಣುತ್ತೀರೆಂಬ ಬರಹ, ಈ ಮೂರನ್ನೂ ಹಿಡಿದು ನಿಮ್ಮ ಡಾಕ್ಟರ ಬಳಿಗೆ ಹೋಗಿ, ನಿಮ್ಮದೇ ಪಟ್ಟಿ ಬರೆಸಿಕೊಳ್ಳಿ.