ಮೊದಲು ಸರಿ ಮಾಡಿ, ಆಮೇಲೆ ತೋರಿಸಿ ಅನ್ನುವವರಿಗೆ

"ನಲವತ್ತು ಸಾಲಿನ ಪ್ರೋಗ್ರಾಮು ಮಾರಾಯ್ರೆ, ಇದನ್ನೆಲ್ಲ ಯಾರು ನೋಡ್ತಾರೆ? ಮೊದಲು ಸರಿ ಮಾಡಿ, ಆಮೇಲೆ ಗಿಟ್‌ಹಬ್‌ಗೆ ಹಾಕಿದ್ರಾಯ್ತು." ಸಯನ್ ಸ್ಟೇಷನ್ನಿನ ಹೊರಗೆ ಚಹಾ ಕುಡಿಯುತ್ತ ಗೆಳೆಯರೊಬ್ಬರು ಹೀಗೆ ಹೇಳಿದರು. ಅವರು ಸಾಫ್ಟ್‌ವೇರ್ ಕಂಪನಿಯಲ್ಲಿ ಹದಿನೈದು ವರ್ಷ ದುಡಿದವರು. ನಾನು ಭಾಷಾವಿಜ್ಞಾನ ಓದಿ ಅನುವಾದದಿಂದ ಹೊಟ್ಟೆ ಹೊರೆಯುತ್ತಿರುವ ಜೀವ. ಅವರ ಮಾತು ನಂಬಿ ಎಂಟು ತಿಂಗಳು ಕಾದೆ. ಆ ಸಲಹೆ ತಪ್ಪು ಎಂದು ಈಗ ನಾನು ವಾದಿಸಬೇಕಾಗಿದೆ.

ಆ ಪ್ರೋಗ್ರಾಮು ಮಾಡುವ ಕೆಲಸ ಸಣ್ಣದು. ನನ್ನ ಬಳಿ ವರ್ಷಗಳಿಂದ ಬೆಳೆಸಿಕೊಂಡ ಪದಪಟ್ಟಿ ಇದೆ. ಗಿರಾಕಿಗಳ ಕಡತದಲ್ಲಿ ಆ ಪದ ಬಂದರೆ ಅದು ಹುಡುಕಿ ತೋರಿಸಬೇಕು. ಆದರೆ ಕಣ್ಣಿಗೆ ಒಂದೇ ಆಗಿ ಕಾಣುವ ಪದ ಕಂಪ್ಯೂಟರಿಗೆ ಎರಡಾಗಿರಬಹುದು. "ಕೊ" ಎಂಬುದನ್ನು ಕ ಮತ್ತು ಒತ್ವ ಎಂದು ಎರಡು ಸಂಕೇತಗಳಲ್ಲಿ ಬರೆಯಬಹುದು. ಕ, ಎತ್ವ, ಊತ್ವ ಎಂದು ಮೂರರಲ್ಲೂ ಬರೆಯಬಹುದು. ಯುನಿಕೋಡ್ ಇವೆರಡನ್ನೂ ಸಮಾನ ಎನ್ನುತ್ತದೆ, ಆದರೆ ಸಾಮಾನ್ಯ ಹುಡುಕಾಟಕ್ಕೆ ಅದು ಗೊತ್ತಿರುವುದಿಲ್ಲ. ಪೈಥಾನಿನಲ್ಲಿ ಒಂದು ಸಾಲು ಇದನ್ನು ಸರಿಪಡಿಸುತ್ತದೆ. ಅದರ ಕೆಳಗೆ ನಾನು ಇನ್ನೊಂದು ಸಾಲು ಸೇರಿಸಿದೆ:

```python
s = unicodedata.normalize("NFC", s)
s = re.sub("[\u200c\u200d]", "", s)
```

ಎರಡನೆಯ ಸಾಲು ಅಳಿಸುವುದು ಕಣ್ಣಿಗೆ ಕಾಣದ ಎರಡು ಅಕ್ಷರಗಳನ್ನು. ಒಂದು ಅಕ್ಷರಗಳನ್ನು ಬೇರೆಯಾಗಿ ಇಡುತ್ತದೆ, ಇನ್ನೊಂದು ಅವು ಕೂಡುವ ರೀತಿಯನ್ನು ಬದಲಿಸುತ್ತದೆ. ಅಂತರ್ಜಾಲದಿಂದ ನಕಲು ಮಾಡಿದ ಪಠ್ಯದಲ್ಲಿ ಇವು ಬೇಡದ ಕಡೆಯಲ್ಲೆಲ್ಲ ನುಸುಳಿ ಹುಡುಕಾಟ ಕೆಡಿಸುತ್ತಿದ್ದವು. ಅಳಿಸಿದೆ, ಹುಡುಕಾಟ ಸರಿಯಾಯಿತು. ನನಗೆ ಖುಷಿಯಾಯಿತು.

ಎಂಟು ತಿಂಗಳು ನಾನು ಮಾಡಿದ "ಸರಿಪಡಿಸುವ" ಕೆಲಸವೆಂದರೆ ಹೆಸರುಗಳನ್ನು ಚಂದ ಮಾಡಿದ್ದು, ಫಂಕ್ಷನ್ನುಗಳನ್ನು ಅಲ್ಲಿಂದಿಲ್ಲಿಗೆ ಸರಿಸಿದ್ದು. ಕೊನೆಗೆ ಬೇಸತ್ತು ಗಿಟ್‌ಹಬ್‌ಗೆ ಹಾಕಿ, ಕೊಂಡಿಯನ್ನು ಧಾರವಾಡದ ಒಬ್ಬ ಪ್ರೂಫ್‌ರೀಡರ್‌ಗೆ ಕಳಿಸಿದೆ. ಅವರಿಗೆ ಪೈಥಾನ್ ಬಾರದು. ಅವರು ಓದಿದ್ದು README.md ಕಡತವನ್ನು ಮಾತ್ರ. ಅದರಲ್ಲಿ ಹತ್ತು ಪದಗಳ ಒಂದು ಪಟ್ಟಿ ಇಟ್ಟಿದ್ದೆ: ಎಡಕ್ಕೆ ಪ್ರೋಗ್ರಾಮಿಗೆ ಕೊಟ್ಟದ್ದು, ಬಲಕ್ಕೆ ಅದು ಹೊರಗೆ ಕೊಟ್ಟದ್ದು. ಕಾಲು ಗಂಟೆಯಲ್ಲಿ ಉತ್ತರ ಬಂತು: "ಎಡಗಡೆ ರ‍್ಯಾಂಕ್ ಇದೆ, ಬಲಗಡೆ ರ್ಯಾಂಕ್ ಆಗಿದೆಯಲ್ಲ? ರಾಜ್‌ಕುಮಾರ್ ಕೂಡ ರಾಜ್ಕುಮಾರ್ ಆಗಿದ್ದಾರೆ."

ಅವರು ಹೇಳಿದ್ದು ನಿಜ. "ರ‍್ಯಾಂಕ್" ಎಂದು ಬರೆಯುವಾಗ ರಕಾರ ಇಡಿಯಾಗಿ ನಿಂತು ಯಕಾರ ಒತ್ತಾಗಲು ಆ ಕಾಣದ ಅಕ್ಷರವೇ ಕಾರಣ. ಅದನ್ನು ತೆಗೆದರೆ ರಕಾರವು "ಸೂರ್ಯ"ದಲ್ಲಿರುವಂತೆ ಅರ್ಕಾವತ್ತಾಗಿ ಬಿಡುತ್ತದೆ. ನಾನು ಕಸವೆಂದು ಗುಡಿಸಿದ್ದು ಕನ್ನಡದ ಕಾಗುಣಿತವನ್ನೇ. ಅಷ್ಟರಲ್ಲಿ ಅದೇ ಪ್ರೋಗ್ರಾಮಿನಲ್ಲಿ ದಾಟಿಸಿದ ಒಂದು ಕೈಪಿಡಿಯನ್ನು ಗಿರಾಕಿಗೆ ಒಪ್ಪಿಸಿಯೂ ಆಗಿತ್ತು. ತೆರೆದು ನೋಡಿದರೆ ಹನ್ನೊಂದು ಕಡೆ ಅದೇ ತಪ್ಪು. ಕ್ಷಮೆ ಕೇಳಿ, ತಿದ್ದಿ ಕಳಿಸಿದೆ. ಪರಿಹಾರ ಸುಲಭವಿತ್ತು: ಹೋಲಿಸಿ ನೋಡಲು ಮಾತ್ರ ಅಳಿಸಿದ ಪ್ರತಿಯನ್ನು ಬಳಸಬೇಕು, ಮೂಲ ಪಠ್ಯವನ್ನು ಮುಟ್ಟಬಾರದು. ಎಂಟು ತಿಂಗಳಲ್ಲಿ ಅದು ನನಗೆ ಹೊಳೆಯಲಿಲ್ಲ, ಏಕೆಂದರೆ ನಾನು ನೋಡುತ್ತಿದ್ದದ್ದು ಕೋಡನ್ನು, ಅದು ಕೊಡುವ ಕನ್ನಡವನ್ನಲ್ಲ.

ಆದ್ದರಿಂದ ನನ್ನ ವಾದ ಇಷ್ಟು: ಸರಿಯಾದ ಮೇಲೆ ತೋರಿಸುವುದಲ್ಲ, ಸರಿಯಾಗಲಿಕ್ಕೇ ತೋರಿಸಬೇಕು. ಆದರೆ "ಸುಮ್ಮನೆ ಹಾಕಿಬಿಡಿ" ಅನ್ನುವ ಇನ್ನೊಂದು ಗುಂಪಿನ ಜೊತೆಗೂ ನನಗೆ ಜಗಳವಿದೆ. README ಇಲ್ಲದೆ ಬರೀ ಕೋಡು ಹಾಕಿದ್ದರೆ ಆ ಪ್ರೂಫ್‌ರೀಡರ್ ನೋಡುವುದಕ್ಕೆ ಏನೂ ಇರುತ್ತಿರಲಿಲ್ಲ. ನಮ್ಮ ಸಣ್ಣ ಪ್ರೋಗ್ರಾಮಿನ ತಪ್ಪು ಹಿಡಿಯಬಲ್ಲವರು ಬಹುಪಾಲು ಪ್ರೋಗ್ರಾಮರ್‌ಗಳಲ್ಲ, ಕನ್ನಡ ಬಲ್ಲವರು. ಅವರಿಗಾಗಿ ಕನ್ನಡದಲ್ಲಿ ಮೂರು ವಿಷಯ ಬರೆದಿಡಿ: ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಕೊಟ್ಟದ್ದು ಮತ್ತು ಬಂದದ್ದರ ಹತ್ತು ಉದಾಹರಣೆ.

ಇನ್ನು ಪರವಾನಗಿ. ಕಡತ ಎಲ್ಲರಿಗೂ ಕಾಣುತ್ತಿದೆ ಎಂದರೆ ಎಲ್ಲರೂ ಬಳಸಬಹುದು ಎಂದೇ ನಾನೂ ತಿಳಿದಿದ್ದೆ. ಅನುವಾದಕರಾದ ನಮಗೆ ಈ ತಪ್ಪು ಆಗಬಾರದಿತ್ತು. ಕಥೆಯೊಂದು ಪತ್ರಿಕೆಯಲ್ಲಿ ಅಚ್ಚಾಗಿದೆ ಅಂದಮಾತ್ರಕ್ಕೆ ಲೇಖಕರನ್ನು ಕೇಳದೆ ಅದನ್ನು ಅನುವಾದಿಸಿ ಪ್ರಕಟಿಸುತ್ತೇವೆಯೇ? 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನೂ ಸಾಹಿತ್ಯ ಕೃತಿಯೊಳಗೇ ಸೇರಿಸುತ್ತದೆ. ನೋಂದಾಯಿಸದಿದ್ದರೂ ಹಕ್ಕು ಬರೆದವರದ್ದೇ. ಸಾರ್ವಜನಿಕವಾಗಿ ಹಾಕಿದ್ದನ್ನು ಇತರರು ನೋಡಬಹುದು, ಆ ತಾಣದೊಳಗೆ ತಮ್ಮದೊಂದು ಪ್ರತಿ ಮಾಡಿಕೊಳ್ಳಬಹುದು ಎಂದು ಗಿಟ್‌ಹಬ್‌ನ ನಿಯಮ ಹೇಳುತ್ತದೆ. ತಿದ್ದಿ ಬೇರೆಡೆ ಹಂಚಲು ನಿಮ್ಮ ಅನುಮತಿ ಬೇಕು. ಆ ಅನುಮತಿಯೇ LICENSE ಎಂಬ ಕಡತ. ಎಂಐಟಿ ಪರವಾನಗಿ ಅರ್ಧ ಪುಟವೂ ಇಲ್ಲ. ಹೆಸರು, ವರ್ಷ ತುಂಬಿದರೆ ಮುಗಿಯಿತು.

ಇದರಿಂದ ಏನಾಗುತ್ತದೆ ಎಂಬುದಕ್ಕೆ ನಾವು ದಿನವೂ ತೆರೆಯುವ "ಅಲರ್" ಸಾಕ್ಷಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಆ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಜಾಲಕ್ಕೆ ಬಂತು. ಅದರ ದತ್ತಾಂಶವನ್ನು ಮುಕ್ತ ಪರವಾನಗಿಯಲ್ಲಿ ಗಿಟ್‌ಹಬ್‌ನಲ್ಲೂ ಇಟ್ಟಿದ್ದಾರೆ. ಅದನ್ನು ಬಳಸಲು ಯಾರೂ ಯಾರ ಬಾಗಿಲು ಕಾಯಬೇಕಿಲ್ಲ, ಪರವಾನಗಿಯ ಷರತ್ತುಗಳನ್ನು ಪಾಲಿಸಿದರೆ ಸಾಕು.

ಹಾಕುವ ಮುನ್ನ ಭಯಪಡಲೇಬೇಕಾದ ವಿಷಯ ಒಂದಿದೆ, ಅದು ಕೋಡಿನ ಅಂದವಲ್ಲ. ನನ್ನ ಫೋಲ್ಡರಿನಲ್ಲಿ ಪ್ರಯೋಗಕ್ಕೆಂದು ಇಟ್ಟ ಗಿರಾಕಿಯ ಗೋಪ್ಯ ಕಡತವಿತ್ತು. `git add .` ಎಂದು ಚುಕ್ಕಿ ಇಟ್ಟು ಎಲ್ಲವನ್ನೂ ಸೇರಿಸಿದ್ದೆ. ಆಮೇಲೆ ನೆನಪಾಗಿ ಕಡತ ಅಳಿಸಿ ಮತ್ತೊಮ್ಮೆ ಕಮಿಟ್ ಮಾಡಿದೆ. ಫೋಲ್ಡರಿನಲ್ಲಿ ಅದು ಕಾಣಲಿಲ್ಲ, ಆದರೆ ಗಿಟ್ ಹಳೆಯದನ್ನು ಮರೆಯುವುದಿಲ್ಲ. ಇತಿಹಾಸದಲ್ಲಿ ಅದು ಇಡಿಯಾಗಿಯೇ ಉಳಿದಿತ್ತು. `git log --stat` ಎಂದು ಕೊಟ್ಟಾಗ ಪ್ರತಿ ಕಮಿಟ್ಟಿನ ಕಡತಗಳ ಹೆಸರು ಸಾಲಾಗಿ ಬಂದು ಅದೂ ಕಂಡಿತು. ಮೇಲಕ್ಕೆ ಕಳಿಸುವ ಮೊದಲೇ ಕಂಡದ್ದು ನನ್ನ ಪುಣ್ಯ. ಮೊದಲ ಸಣ್ಣ ಪ್ರೋಗ್ರಾಮಿಗೆ ಇತಿಹಾಸದ ಹಂಗೇನೂ ಇಲ್ಲ. ಅದನ್ನು ಕಿತ್ತುಹಾಕಿ, ಈ ಸಲ ಕಡತಗಳನ್ನು ಒಂದೊಂದಾಗಿ ಹೆಸರಿಸಿ ಸೇರಿಸಿದೆ:

```
rm -rf .git
git init
git add README.md LICENSE kosha.py
git commit -m "ಮೊದಲ ಆವೃತ್ತಿ"
```

ಒಮ್ಮೆ ಸಾರ್ವಜನಿಕವಾದ ಮೇಲಾದರೆ ಈ ಉಪಾಯ ನಡೆಯದು. ಅಷ್ಟರೊಳಗೆ ಯಾರಾದರೂ ಪ್ರತಿ ತೆಗೆದಿರಬಹುದು. ಗುಪ್ತಪದ ಹೋಗಿದ್ದರೆ ಬದಲಿಸಬಹುದು. ಇನ್ನೊಬ್ಬರ ಗುಟ್ಟು ಹೋದರೆ ಬದಲಿಸಲಾಗದು.

ಗೆಳೆಯರಿಗೆ ಇದನ್ನೆಲ್ಲ ಹೇಳಿದೆ. "ಆದ್ರೂ ತಪ್ಪು ಎಲ್ರಿಗೂ ಕಾಣುವ ಹಾಗೆ ಆಯ್ತಲ್ಲ" ಅಂದರು. ಹೌದು, ರ‍್ಯಾಂಕನ್ನು ಕೆಡಿಸಿದ ಸಾಲೂ ಅದನ್ನು ತಿದ್ದಿದ ಸಾಲೂ ಇತಿಹಾಸದಲ್ಲಿ ಒಂದರ ಮೇಲೊಂದು ಇವೆ, ಯಾರು ಬೇಕಾದರೂ ನೋಡಬಹುದು. ಗಿರಾಕಿಯ ಕೈಪಿಡಿಯಲ್ಲಿ ಹನ್ನೊಂದು ಕಡೆ ಕಾಣುವುದಕ್ಕಿಂತ ಅಲ್ಲಿ ಒಂದು ಕಡೆ ಕಂಡಿದ್ದರೆ ವಾಸಿಯಿತ್ತು.