ಬಣ್ಣ ಬಚ್ಚಿಡಬಹುದು, ಬಿಸಿ ಬಚ್ಚಿಡಲಾದೀತೇ?

ನಮ್ಮ ದೊಡ್ಡಪ್ಪನ ಮಗ ಸೇನೆಯಲ್ಲಿದ್ದಾನೆ. ಕಳೆದ ಸಲ ರಜೆಗೆ ಊರಿಗೆ ಬಂದಾಗ ನನ್ನ ಮೊಬೈಲ್‌ನಲ್ಲಿ ಒಂದು ಜಾಹೀರಾತು ತೋರಿಸಿದೆ. ಥರ್ಮಲ್ ಕ್ಯಾಮೆರಾಕ್ಕೂ ಕಾಣದಂತೆ ಮಾಡುವ ಹೊದಿಕೆಯಂತೆ. ‘ಅಣ್ಣ, ಇದನ್ನು ನಿಮಗೆಲ್ಲ ಕೊಡ್ತಾರಾ?’ ಎಂದು ಕೇಳಿದೆ. ಅವನು ನಕ್ಕು, ‘ಎಂಜಿನಿಯರಿಂಗ್ ಓದ್ತಿರೋನು ನೀನು. ಇದು ಕೆಲಸ ಮಾಡುತ್ತೋ ಇಲ್ವೋ ನೀನೇ ಹೇಳು’ ಎಂದ. ನನ್ನಲ್ಲಿ ಉತ್ತರ ಇರಲಿಲ್ಲ. ಅಲ್ಲಿಂದ ಶುರುವಾದ ಹುಡುಕಾಟದ ಫಲ ಈ ಬರಹ.

ಉಕ್ರೇನ್ ಯುದ್ಧದ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಕಗ್ಗತ್ತಲ ಹೊಲದ ಮೇಲೆ ಡ್ರೋನ್ ಹಾರುತ್ತಿರುತ್ತದೆ. ಪರದೆಯಲ್ಲಿ ಬೂದುಬಣ್ಣದ ನೆಲ, ಅದರ ಮೇಲೆ ಬಿಳಿ ಚುಕ್ಕೆಯಂತೆ ಮನುಷ್ಯ. ಅವನು ತೊಟ್ಟ ಹಸಿರು, ಕಂದು ಬಣ್ಣದ ಸಮವಸ್ತ್ರಕ್ಕೆ ಅಲ್ಲಿ ಅರ್ಥವೇ ಇಲ್ಲ. 2025ರ ಮೇ ತಿಂಗಳಲ್ಲಿ ನಮ್ಮ ಪಶ್ಚಿಮ ಗಡಿಯಲ್ಲೂ ಡ್ರೋನ್‌ಗಳು ಹಾರಾಡಿದವು. ಹಾಗಾಗಿ ಇದು ದೂರದ ದೇಶದ ಸುದ್ದಿಯಾಗಿ ಉಳಿದಿಲ್ಲ.

ಸೈನಿಕರು ಮೊದಲಿನಿಂದಲೂ ಅಡಗಿಕೊಳ್ಳುವ ಬಟ್ಟೆ ತೊಡುತ್ತಿದ್ದರು ಎಂದುಕೊಂಡಿದ್ದೆ. ಅದು ತಪ್ಪು. ಯುರೋಪಿನ ಸೇನೆಗಳು ಶತಮಾನಗಳ ಕಾಲ ಕೆಂಪು, ನೀಲಿ, ಬಿಳಿ ಬಣ್ಣಗಳಲ್ಲೇ ಯುದ್ಧಕ್ಕೆ ಹೋದವು. ಅದಕ್ಕೆ ಕಾರಣವೂ ಇತ್ತು. ಹಳೆಯ ಬಂದೂಕು ನೂರು ಮೀಟರ್ ಆಚೆ ಗುರಿ ಮುಟ್ಟುವುದೇ ಕಷ್ಟ. ನಾಲ್ಕು ಸುತ್ತು ಹಾರಿಸಿದರೆ ಕಪ್ಪು ಮದ್ದಿನ ಹೊಗೆ ಬಯಲನ್ನೆಲ್ಲ ಮುಚ್ಚುತ್ತಿತ್ತು. ಆ ಹೊಗೆಯಲ್ಲಿ ತನ್ನವರು ಯಾರೆಂದು ಸೇನಾಪತಿಗೆ ತಿಳಿಯಲು ಕಣ್ಣಿಗೆ ಹೊಡೆಯುವ ಬಣ್ಣವೇ ಬೇಕಿತ್ತು. 1880ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಂತು, ರೈಫಲ್‌ಗಳ ಗುರಿ ನೂರಾರು ಮೀಟರ್‌ಗೆ ಚಾಚಿತು. ರಕ್ಷಿಸುತ್ತಿದ್ದ ಬಣ್ಣವೇ ಅಪಾಯವಾಯಿತು.

ಬ್ರಿಟಿಷರಿಗೆ ಈ ಪಾಠಕ್ಕೆ ದಾರಿಯಾದದ್ದು ಭಾರತ. ‘ಖಾಕ್’ ಎಂದರೆ ಪಾರ್ಸಿ ಭಾಷೆಯಲ್ಲಿ ಮಣ್ಣು, ಧೂಳು. ವಾಯವ್ಯ ಗಡಿಯ ‘ಕೋರ್ ಆಫ್ ಗೈಡ್ಸ್’ ಪಡೆ 1840ರ ದಶಕದ ಕೊನೆಯಲ್ಲೇ ಮಣ್ಣಿನ ಬಣ್ಣದ ಬಟ್ಟೆ ತೊಟ್ಟಿತ್ತು. 19ನೇ ಶತಮಾನದಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲೂ ಖಾಕಿ ಬಟ್ಟೆ ತಯಾರಾಗುತ್ತಿತ್ತು. ಫ್ರೆಂಚರು ಮಾತ್ರ ಬದಲಾಗಲು ಒಪ್ಪಲಿಲ್ಲ. ಕೆಂಪು ಪ್ಯಾಂಟ್ ದೇಶದ ಹೆಮ್ಮೆ ಎಂಬ ವಾದ ಗೆದ್ದಿತು. 1914ರ ಆಗಸ್ಟ್‌ನಲ್ಲಿ ಅವರ ಸೈನಿಕರು ಅದೇ ಕೆಂಪು ಪ್ಯಾಂಟ್ ತೊಟ್ಟು ಮೆಷಿನ್ ಗನ್‌ಗಳ ಎದುರು ನಡೆದರು. ಆ ತಿಂಗಳ 22ರಂದು, ಒಂದೇ ದಿನ, ಸುಮಾರು 27 ಸಾವಿರ ಫ್ರೆಂಚ್ ಸೈನಿಕರು ಸತ್ತರು. ಇದಕ್ಕೆ ಬಟ್ಟೆಯೊಂದೇ ಕಾರಣವಲ್ಲ, ಹಳೆಯ ಯುದ್ಧತಂತ್ರದ ಪಾಲೇ ದೊಡ್ಡದು. ಆದರೆ ಮರುವರ್ಷದ ಹೊತ್ತಿಗೆ ಕೆಂಪು ಹೋಗಿ ಮಾಸಲು ನೀಲಿ ಬಂದಿತ್ತು.

ಮುಂದೆ ಬಂದವು ಚೂರುಚೂರು ಬಣ್ಣದ ವಿನ್ಯಾಸಗಳು. ಅವುಗಳ ಕೆಲಸ ಎರಡು: ಹಿನ್ನೆಲೆಯ ಬಣ್ಣಕ್ಕೆ ಹೊಂದುವುದು, ಮನುಷ್ಯನ ಆಕಾರದ ಅಂಚನ್ನು ಒಡೆಯುವುದು. ಹಿನ್ನೆಲೆಯನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಸೇನೆಯೇ ಉದಾಹರಣೆ. ಕಾಡು, ಮರುಭೂಮಿ, ನಗರ ಎಲ್ಲಕ್ಕೂ ಒಂದೇ ಸಾಕೆಂದು 2004ರಲ್ಲಿ ಬೂದು-ಹಸಿರು ಪಿಕ್ಸೆಲ್ ವಿನ್ಯಾಸವೊಂದನ್ನು ಅದು ಆರಿಸಿಕೊಂಡಿತು. ಎಲ್ಲ ಕಡೆಗೂ ಎಂದು ಮಾಡಿದ್ದು ಅಫ್ಗಾನಿಸ್ತಾನದ ಕಂದು ಬೆಟ್ಟಗಳಲ್ಲಿ ಹೊಂದಲೇ ಇಲ್ಲ. 2010ರಲ್ಲಿ ಅಲ್ಲಿನ ಸೈನಿಕರಿಗೆ ಬೇರೆ ವಿನ್ಯಾಸ ಕೊಡಬೇಕಾಯಿತು, 2015ರಿಂದ ಇಡೀ ಸೇನೆಯೇ ಅದನ್ನು ಬಿಡತೊಡಗಿತು. ನಮ್ಮ ಸೇನೆಯ ಹೊಸ ಪಿಕ್ಸೆಲ್ ವಿನ್ಯಾಸದ ಸಮವಸ್ತ್ರ 2022ರ ಜನವರಿ 15ರ ಸೇನಾ ದಿನದಂದು ಮೊದಲ ಬಾರಿ ಕಾಣಿಸಿಕೊಂಡಿತು.

ಇಲ್ಲಿಯವರೆಗಿನದು ಬಣ್ಣದ ಕಥೆ. ಥರ್ಮಲ್ ಕ್ಯಾಮೆರಾಕ್ಕೆ ಬಣ್ಣವೇ ಬೇಡ. ಎಲ್ಲ ವಸ್ತುಗಳೂ ತಮ್ಮ ಬಿಸಿಗೆ ತಕ್ಕಂತೆ ಅವಗೆಂಪು ಕಿರಣ ಹೊಮ್ಮಿಸುತ್ತಲೇ ಇರುತ್ತವೆ. ಮನುಷ್ಯನ ಚರ್ಮ ಸುಮಾರು 33 ಡಿಗ್ರಿಯಲ್ಲಿರುತ್ತದೆ. ಈ ಬಿಸಿಯ ಕಿರಣಗಳನ್ನು, ಮುಖ್ಯವಾಗಿ 8ರಿಂದ 14 ಮೈಕ್ರಾನ್ ತರಂಗಾಂತರದಲ್ಲಿ, ಕ್ಯಾಮೆರಾ ಹಿಡಿಯುತ್ತದೆ. ಡಿಗ್ರಿಯ ಇಪ್ಪತ್ತನೇ ಒಂದು ಭಾಗದಷ್ಟು ವ್ಯತ್ಯಾಸವನ್ನೂ ಗುರುತಿಸುವ ಸಾಮಾನ್ಯ ಕ್ಯಾಮೆರಾಗಳಿವೆ. ಬೆಳಕು ಬೇಕಿಲ್ಲದ ಕಾರಣ ರಾತ್ರಿಯೂ ಅದಕ್ಕೆ ಮರೆಯಲ್ಲ.

ಹಾಗಾದರೆ ಹೊಳೆಯುವ ಬೆಳ್ಳಿ ಹಾಳೆ ಹೊದ್ದರೆ? ಅಂಥ ಹಾಳೆ ತನ್ನ ಬಿಸಿಯನ್ನು ತುಂಬ ಕಡಿಮೆ ಹೊಮ್ಮಿಸುತ್ತದೆ. ನಮ್ಮ ವಿಭಾಗದಲ್ಲಿ ಪ್ಯಾನೆಲ್ ಬೋರ್ಡ್‌ಗಳ ಸಡಿಲ ಜೋಡಣೆ ಪತ್ತೆಮಾಡಲು ಬಳಸುವ ಒಂದು ಥರ್ಮಲ್ ಕ್ಯಾಮೆರಾ ಇದೆ. ಮೇಷ್ಟ್ರ ಅನುಮತಿ ಪಡೆದು ಹಾಸ್ಟೆಲ್ ತಾರಸಿಗೆ ಒಯ್ದೆವು. ಚಳಿಗಾಲದ ರಾತ್ರಿ, ಮೋಡವಿಲ್ಲದ ಆಕಾಶ. ಗೆಳೆಯ ಎಮರ್ಜೆನ್ಸಿ ಬ್ಲ್ಯಾಂಕೆಟ್ ಹೊದ್ದು ಕೂತ. ನಾನು ನೀರಿನ ಟ್ಯಾಂಕ್ ಹತ್ತಿ ಡ್ರೋನ್‌ನಂತೆ ಮೇಲಿನಿಂದ ನೋಡಿದೆ. ಅವನು ಮಾಯವಾಗಲಿಲ್ಲ! ತಾರಸಿಯ ನೆಲ 18 ಡಿಗ್ರಿ ತೋರಿಸುತ್ತಿತ್ತು, ಅದರ ನಡುವೆ ಮೈನಸ್ 8 ಡಿಗ್ರಿಯ ಕಡುಕಪ್ಪು ಗುಡ್ಡೆಯೊಂದು ಕೂತಿತ್ತು. ಹಾಳೆ ಇಲ್ಲದೆ ಕೂತಾಗ ಬಿಳಿಯಾಗಿ ಕಂಡಿದ್ದ, ಈಗ ಕಪ್ಪಾಗಿ ಅಷ್ಟೇ ಸ್ಪಷ್ಟವಾಗಿ ಕಂಡ.

ಯಾಕೆ ಹೀಗಾಯಿತು? ತನ್ನ ಕಿರಣವನ್ನು ಹೊಮ್ಮಿಸದ ಮೇಲ್ಮೈ ಬೇರೆಯದರ ಕಿರಣವನ್ನು ಪ್ರತಿಫಲಿಸುತ್ತದೆ. ಹಾಳೆಯಿಂದ ಬರುವುದರಲ್ಲಿ ಹತ್ತರಲ್ಲಿ ಒಂದು ಪಾಲು ಅದರ ಸ್ವಂತದ್ದು, ಒಂಬತ್ತು ಪಾಲು ಆಕಾಶದ್ದು ಎಂದಿಟ್ಟುಕೊಳ್ಳಿ. ಮೋಡವಿಲ್ಲದ ಆಕಾಶ ಥರ್ಮಲ್ ಕ್ಯಾಮೆರಾಕ್ಕೆ ತುಂಬ ತಣ್ಣಗೆ ಕಾಣುತ್ತದೆ. ಹಾಳೆ 20 ಡಿಗ್ರಿ, ಆಕಾಶ ಮೈನಸ್ 20 ಎಂದು ಹಿಡಿದು, ಕಿರಣವು ತಾಪಮಾನದ ನಾಲ್ಕನೇ ಘಾತಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂಬ ಸ್ಟೀಫನ್–ಬೋಲ್ಟ್ಸ್‌ಮನ್ ನಿಯಮ ಬಳಸಿದರೆ, ಹಾಳೆ ಸುಮಾರು ಮೈನಸ್ 15 ಡಿಗ್ರಿಯಂತೆ ಕಾಣಬೇಕು. ನಮ್ಮ ಹಾಳೆಯ ಮಡಿಕೆಗಳಲ್ಲಿ ಪಕ್ಕದ ಗೋಡೆಯೂ ಪ್ರತಿಫಲಿಸುತ್ತಿತ್ತು, ಆದ್ದರಿಂದ ಮೈನಸ್ 8. ಉಕ್ರೇನ್ ರಣರಂಗದ ಡ್ರೋನ್ ವಿಡಿಯೊಗಳಲ್ಲೂ ಹೊದಿಕೆ ಹೊದ್ದ ಸೈನಿಕರು ಹೀಗೆ ಕಪ್ಪು ಆಕೃತಿಗಳಾಗಿ ಸಿಕ್ಕಿಬಿದ್ದದ್ದುಂಟು. ಹಿನ್ನೆಲೆಗಿಂತ ತಣ್ಣಗಿರುವುದೂ ಸುಳಿವೇ.

ಸರಿ, ಹೊಳಪಿಲ್ಲದ ದಪ್ಪ ಹೊದಿಕೆ ಹೊದ್ದರೆ? ಇಲ್ಲಿ ಎದುರಾಗುವುದು ಇನ್ನೂ ಮೂಲಭೂತ ತೊಡಕು. ಸುಮ್ಮನೆ ಕೂತ ಮನುಷ್ಯನ ದೇಹ ಸುಮಾರು 100 ವಾಟ್ ಬಿಸಿ ಹುಟ್ಟಿಸುತ್ತದೆ, ಹಳೆಯ ಕಾಲದ ಒಂದು ಬಲ್ಬಿನಷ್ಟು. ಅದು ಎಲ್ಲಾದರೂ ಹೊರಗೆ ಹೋಗಲೇಬೇಕು. ಹೊದಿಕೆಯ ಹೊರಮೈ 2 ಚದರ ಮೀಟರ್ ಇದ್ದರೆ ಪ್ರತಿ ಚದರ ಮೀಟರ್‌ಗೆ 50 ವಾಟ್. ಗಾಳಿ ಹೆಚ್ಚಿಲ್ಲದಾಗ ಅಷ್ಟನ್ನು ಹೊರಹಾಕಲು ಹೊರಮೈ ಸುತ್ತಲಿಗಿಂತ ಸುಮಾರು 5 ಡಿಗ್ರಿ ಬಿಸಿಯಾಗಬೇಕಾಗುತ್ತದೆ. ಮೊದಲ ಕೆಲವು ನಿಮಿಷ ಹೊದಿಕೆ ತಣ್ಣಗಿರುತ್ತದೆ, ಜಾಹೀರಾತಿನ ವಿಡಿಯೊ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಹೆಗಲು, ತಲೆ ತಾಗುವ ಕಡೆ ಬಿಸಿ ಮೂಡುತ್ತದೆ. ಇನ್ನೂ ದಪ್ಪ ಮಾಡಿದರೆ ಒಳಗಿನವನು ಬೆವರಿ ಬಸವಳಿಯುತ್ತಾನೆ, ಬಿಸಿ ಗಾಳಿ ಕತ್ತು, ಕಾಲಿನ ಸಂದಿಯಿಂದ ಹೊರಬರುತ್ತದೆ. ಹೊರೆ ಹೊತ್ತು ನಡೆಯುವಾಗಂತೂ ದೇಹ ಮೂರು-ನಾಲ್ಕು ಪಟ್ಟು ಹೆಚ್ಚು ಬಿಸಿ ಹುಟ್ಟಿಸುತ್ತದೆ.

ಇದೇ ಲೆಕ್ಕ ಒಂದು ದಾರಿಯನ್ನೂ ತೋರಿಸುತ್ತದೆ. ಆ 100 ವಾಟ್ 2 ಚದರ ಮೀಟರ್ ಬದಲು 10 ಚದರ ಮೀಟರ್ ಮೇಲೆ ಹರಡಿದರೆ ಏರಿಕೆ 1 ಡಿಗ್ರಿಗೆ ಇಳಿಯುತ್ತದೆ. ಕಲ್ಲು, ಹುಲ್ಲು, ಒದ್ದೆ ಮಣ್ಣಿನ ನಡುವೆಯೇ ಅದಕ್ಕಿಂತ ಹೆಚ್ಚು ವ್ಯತ್ಯಾಸವಿರುತ್ತದೆ. ಕ್ಯಾಮೆರಾ ಆ 1 ಡಿಗ್ರಿಯನ್ನು ಗ್ರಹಿಸಿದರೂ ನೋಡುವವನಿಗೆ ಅದು ಇನ್ನೊಂದು ಕಲ್ಲಿನಂತೆ ಕಾಣುತ್ತದೆ. ಕಂದಕದ ಮೇಲೆ ಮೈಗೆ ತಾಗದಂತೆ ಅಗಲವಾಗಿ ಹರಡಿದ ಬಲೆ, ಮೈಮೇಲಿನ ಹೊದಿಕೆಗಿಂತ ಹೆಚ್ಚು ಉಪಯುಕ್ತವಾಗುವುದು ಇದಕ್ಕೇ. ಬಣ್ಣದ ವಿನ್ಯಾಸದ ಹಳೆಯ ಪಾಠವೇ ಇಲ್ಲೂ ಅನ್ವಯಿಸುತ್ತದೆ: ಹಿನ್ನೆಲೆಗೆ ಹೊಂದಬೇಕು, ಆಕಾರ ಒಡೆಯಬೇಕು.

ತೊಡಕೆಂದರೆ ಈ ಹಿನ್ನೆಲೆ ಗಂಟೆಗಂಟೆಗೂ ಬದಲಾಗುತ್ತದೆ. ಸಂಜೆ ಬಂಡೆ ಬೆಚ್ಚಗಿರುತ್ತದೆ, ಹುಲ್ಲು ಬೇಗ ಆರುತ್ತದೆ, ಬೆಳಗಿನ ಜಾವಕ್ಕೆ ಎಲ್ಲವೂ ತಣ್ಣಗೆ. ರಾತ್ರಿ 8ಕ್ಕೆ ಹೊಂದಿದ್ದು 3ಕ್ಕೆ ಹೊಂದದು. ಬ್ರಿಟನ್ನಿನ ಬಿಎಇ ಸಿಸ್ಟಮ್ಸ್ 2011ರಲ್ಲಿ ತೋರಿಸಿದ ‘ಅಡಾಪ್ಟಿವ್’ ವ್ಯವಸ್ಥೆ ಇದಕ್ಕೊಂದು ಉತ್ತರ. ಯುದ್ಧ ವಾಹನದ ಮೈಗೆ ಷಟ್ಕೋನದ ಫಲಕಗಳನ್ನು ಜೋಡಿಸಿ, ಒಂದೊಂದನ್ನೂ ವಿದ್ಯುತ್ತಿನಿಂದ ಬಿಸಿ ಅಥವಾ ತಂಪು ಮಾಡಿ ಹಿನ್ನೆಲೆಗೆ ಹೊಂದಿಸುವುದು, ಇಲ್ಲವೇ ಸಾಮಾನ್ಯ ಕಾರಿನಂತೆ ಕಾಣಿಸುವುದು. ವಾಹನಕ್ಕೆ ಎಂಜಿನ್ನಿನ ವಿದ್ಯುತ್ ಸಿಗುತ್ತದೆ. ಹೆಗಲ ಮೇಲೆ ಈಗಾಗಲೇ ಹೊರೆ ಹೊತ್ತ ಸೈನಿಕನಿಗೆ ಅದನ್ನು ಯಾರು ಕೊಡಬೇಕು?

ಹಾಗಾಗಿ ಅಂಥ ಜಾಹೀರಾತು ಕಂಡಾಗ ನಾನೀಗ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ದೇಹದ ಬಿಸಿ ಎಲ್ಲಿಗೆ ಹೋಗುತ್ತದೆ? ಪರೀಕ್ಷೆ ಎಷ್ಟು ಹೊತ್ತು ನಡೆಯಿತು? ಹಿಂದೆ ಇದ್ದದ್ದು ಯಾವ ನೆಲ, ಮೇಲಿದ್ದದ್ದು ಯಾವ ಆಕಾಶ? ಮೂರಕ್ಕೂ ಉತ್ತರವಿಲ್ಲದಿದ್ದರೆ ಅದನ್ನು ನಂಬಿ ಬಯಲಿಗೆ ಇಳಿಯುವವನು 1914ರ ಕೆಂಪು ಪ್ಯಾಂಟ್ ತೊಟ್ಟವನಷ್ಟೇ ಅಪಾಯದಲ್ಲಿರುತ್ತಾನೆ. ತಾನು ಕಾಣುವುದಿಲ್ಲ ಎಂಬ ಭರವಸೆಯಲ್ಲಿ ಅವನು ಬೇರೆ ಎಚ್ಚರವನ್ನೂ ಬಿಟ್ಟಿರುತ್ತಾನೆ.

ಮೊನ್ನೆ ಫೋನ್‌ನಲ್ಲಿ ಅಣ್ಣನಿಗೆ ಇದನ್ನೆಲ್ಲ ವಿವರಿಸಿದೆ. ದಟ್ಟ ಎಲೆಗಳು ಗಾಳಿಯಷ್ಟೇ ಬಿಸಿಯಿರುತ್ತವೆ, ಕೆಳಗಿನವರ ಕಿರಣವನ್ನು ತಡೆಯುತ್ತವೆ ಎಂದೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವನು ಹೇಳಿದ್ದು ಇಷ್ಟೇ: ‘ಹಂಗಾದ್ರೆ ಅದಕ್ಕೆ ದುಡ್ಡು ಸುರಿಯೋದಕ್ಕಿಂತ ಮರದ ಕೆಳಗೆ ಅಲುಗಾಡದೆ ಕೂರೋದೇ ವಾಸಿ ಬಿಡು.’