ಬೆರಳಚ್ಚು ಸೋರಿಸಿದವರೇ ಬೀಗದ ಪಾಠ ಹೇಳುತ್ತಿದ್ದಾರೆ

ಒಟಿಪಿ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಎಂದು ಬ್ಯಾಂಕುಗಳು ದಿನಾ ಬೋಧಿಸುತ್ತವೆ. ಆದರೆ 2023ರಲ್ಲಿ ಬೆಂಗಳೂರಿನಲ್ಲಿ ಖಾತೆಯಿಂದ ಹಣ ಕಳೆದುಕೊಂಡ ಅನೇಕರು ಎರಡನ್ನೂ ಮಾಡಿರಲಿಲ್ಲ. ಅವರು ಮಾಡಿದ್ದು ಸಬ್‌ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಆಸ್ತಿ ನೋಂದಣಿ ಮಾಡಿಸಿದ್ದು, ಅಷ್ಟೇ. ಕಾನೂನು ಕೇಳಿತು, ಹೆಬ್ಬೆಟ್ಟು ಒತ್ತಿದರು. ಆ ಹೆಬ್ಬೆಟ್ಟೂ ಆಧಾರ್ ಸಂಖ್ಯೆಯೂ ಇದ್ದ ಕ್ರಯಪತ್ರಗಳನ್ನು ಕಾವೇರಿ ಪೋರ್ಟಲ್‌ನಿಂದ ವಂಚಕರು ಇಳಿಸಿಕೊಂಡರು. ಅಚ್ಚನ್ನು ರಬ್ಬರ್ ಸ್ಟಾಂಪಿನಂತೆ ಎರಕ ಹೊಯ್ದು, ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಅಂದರೆ ಎಇಪಿಎಸ್ ಮೂಲಕ ಹಣ ಎತ್ತಿದರು.

ಎಇಪಿಎಸ್‌ಗೆ ಬೇಕಾದದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು. ಪಿನ್ ಇಲ್ಲ, ಒಟಿಪಿ ಇಲ್ಲ. ಒಂದು ಸಲಕ್ಕೆ ಹತ್ತು ಸಾವಿರ ರೂಪಾಯಿವರೆಗೆ ಹೋಗುತ್ತದೆ. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು. ಹೆಬ್ಬೆರಳನ್ನು ಬದಲಿಸುವುದು ಹೇಗೆ? 2018ರಲ್ಲೇ ತೆಲಂಗಾಣದಲ್ಲಿ ಒಬ್ಬಾತ ನೋಂದಣಿ ದಾಖಲೆಗಳಿಂದಲೇ ಬೆರಳಚ್ಚು ಎತ್ತಿ ಸಾವಿರಾರು ಸಿಮ್ ಚಾಲೂ ಮಾಡಿ ಸಿಕ್ಕಿಬಿದ್ದಿದ್ದ. ಐದು ವರ್ಷ ಮುಂಚೆ ಎಚ್ಚರಿಕೆ ಸಿಕ್ಕಿತ್ತು. ಆದರೂ ನಮ್ಮಲ್ಲಿ ಹೆಬ್ಬೆಟ್ಟು ಮರೆಮಾಚುವ ಯೋಚನೆ ಬಂದದ್ದು ಜನರ ದುಡ್ಡು ಹೋದ ಮೇಲೆ.

ಈಗ ನಮಗೇ ಹೇಳುತ್ತಾರೆ, ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು. ಮಾಡಿಕೊಳ್ಳಲೇಬೇಕು, ಇವತ್ತೇ. myaadhaar.uidai.gov.in ತೆರೆದು, ಆಧಾರ್ ಸಂಖ್ಯೆ ಮತ್ತು ಮೊಬೈಲಿಗೆ ಬರುವ ಒಟಿಪಿ ಕೊಟ್ಟು ಒಳಹೋಗಿ, Lock/Unlock Biometrics ಆಯ್ದುಕೊಂಡರೆ ಬೆರಳು, ಕಣ್ಣು, ಮುಖ ಮೂರೂ ಬಂದ್. ಒಟಿಪಿ ಮೂಲಕ ಆಗುವ ಆಧಾರ್ ಕೆಲಸಗಳು ನಿಲ್ಲುವುದಿಲ್ಲ. ಬೆರಳು ಒತ್ತಲೇಬೇಕಾದಾಗ ತಾತ್ಕಾಲಿಕವಾಗಿ ತೆರೆದುಕೊಳ್ಳಬಹುದು. ಸ್ವಲ್ಪ ಹೊತ್ತಿನಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ.

ಆದರೆ ಆಧಾರಿಗೆ ಮೊಬೈಲ್ ಜೋಡಿಸದ ಅಜ್ಜಿ ಏನು ಮಾಡಬೇಕು? ಅವಳಿಗೆ ಒಟಿಪಿಯೇ ಬರುವುದಿಲ್ಲ. ಬೀಗ ಹಾಕಿಸಿಕೊಟ್ಟರೂ ತಿಂಗಳಾದರೆ ನ್ಯಾಯಬೆಲೆ ಅಂಗಡಿಯಲ್ಲಿ ಅದೇ ಬೆರಳು ಒತ್ತಬೇಕು. ಪಿಂಚಣಿ ಬಿಡಿಸಿಕೊಳ್ಳಲು ಎಇಪಿಎಸ್ ನೆಚ್ಚಿದವಳೂ ಅವಳೇ. ಹಾಗಾಗಿ ಈ ವ್ಯವಸ್ಥೆಯನ್ನೇ ಮುಚ್ಚಿ ಎನ್ನುತ್ತಿಲ್ಲ. ಬೇಕೆಂದು ಬರೆದುಕೊಟ್ಟವರ ಖಾತೆಗೆ ಮಾತ್ರ ತೆರೆಯಿರಿ. ಕೇಳದೆ ಎಲ್ಲರ ಬಾಗಿಲನ್ನೂ ತೆರೆದಿಟ್ಟು, ಚಿಲಕ ಹಾಕದ್ದು ನಿಮ್ಮ ತಪ್ಪು ಎನ್ನುವುದು ಅನ್ಯಾಯ. ಈ ದೇಶದಲ್ಲಿ ಸರ್ಕಾರದ ದಾಖಲೆ ಸೋರಿದ್ದಕ್ಕೆ ಅಧಿಕಾರಿಯೊಬ್ಬ ಕುರ್ಚಿ ಕಳೆದುಕೊಳ್ಳುವುದನ್ನು ನಾವು ಕಾಣುವುದು ಯಾವಾಗ?

ಹೀಗೆ ಹಣ ಹೋದಾಗ ಬ್ಯಾಂಕಿನವರು "ನಿಮ್ಮದೇ ಬೆರಳಚ್ಚು ಇದೆಯಲ್ಲ" ಎಂದು ಸಾಗಹಾಕಲು ನೋಡಿದರೆ ಒಪ್ಪಬೇಡಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ತಪ್ಪು ಗ್ರಾಹಕನದು ಎಂದು ಸಾಬೀತುಪಡಿಸುವ ಹೊಣೆ ಬ್ಯಾಂಕಿನದು. ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ ಎನ್ನುವ ಪ್ರಕರಣದಲ್ಲಿ, ಹಣ ಹೋದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟದ ಹೊರೆಯಿಲ್ಲ. ಆದ್ದರಿಂದ ಮೊದಲು 1930ಕ್ಕೆ ಕರೆ ಮಾಡಿ. ಆಮೇಲೆ ಶಾಖೆಗೆ ಹೋಗಿ ದೂರು ಕೊಟ್ಟು, ಎಇಪಿಎಸ್ ನಿಲ್ಲಿಸಿ ಎಂದೂ ಅದರಲ್ಲೇ ಬರೆದು, ತಾರೀಕು ಹಾಕಿದ ಸ್ವೀಕೃತಿ ಕೈಗೆ ಬರುವ ತನಕ ಕೌಂಟರ್ ಬಿಟ್ಟು ಕದಲಬೇಡಿ.